ಆನೆಗೆ ಮೂರು ಗಡ್ಡೆ

ಜೂನ್ ತಿಂಗಳ ಎರಡನೇ ವಾರ. ಹಾಸನ ಜಿಲ್ಲೆಯ ಆಲೂರು ಕಡೆ ಮಳೆ ಹಿಡಿದುಕೊಂಡಿತ್ತು. ಅಂಗನವಾಡಿ ಬಾಗಿಲಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಸೊಂಟದಿಂದ ಇಳಿಸಿ, ಕೊಡೆ ಮಡಚುತ್ತಾ ಹೇಳಿದರು: "ಟೀಚರೇ, ನಮ್ ಹುಡ್ಗ ಇಪ್ಪತ್ತರ ತಂಕ ಹೇಳ್ತಾನೆ. ಹೇಳೋ ಮಗ."

ಅವನು ಹೇಳಿದ. ಹದಿನಾರು ಬಿಟ್ಟುಹೋಯಿತು, ಉಳಿದದ್ದೆಲ್ಲ ಸರಿ. ಮೂರು ವರ್ಷ ತುಂಬಿ ಎರಡು ತಿಂಗಳಾಗಿತ್ತು ಅಷ್ಟೇ. ಇಲ್ಲಿ ಅವನನ್ನು ಪುಟ್ಟ ಅಂತ ಕರೆಯುತ್ತೇನೆ.

"ನಿಂಗೆಷ್ಟು ವರ್ಷ ಪುಟ್ಟ?" ಅಂದೆ. ಕಿರುಬೆರಳನ್ನು ಹೆಬ್ಬೆರಳಿಂದ ಒತ್ತಿ ಹಿಡಿದು, ಉಳಿದ ಮೂರನ್ನು ಎತ್ತಿ "ಮೂರು" ಅಂದ. ಅಜ್ಜಿ ಮುಖ ಅರಳಿತು.

ಅಜ್ಜಿ ಹೋದ ಮೇಲೆ ಅವನ ಮುಂದೆ ಒಂದು ಬುಟ್ಟಿ ಇಟ್ಟೆ. ಅದರಲ್ಲಿ ಹನ್ನೆರಡು ಸಣ್ಣ ಆಲೂಗಡ್ಡೆ. "ಮೂರು ಗಡ್ಡೆ ಕೊಡು" ಅಂದೆ. ಎರಡೂ ಕೈಯಲ್ಲಿ ಬಾಚಿ ನನ್ನ ಮಡಿಲಿಗೆ ಸುರಿದ. ಏಳು ಇತ್ತು. ವಾಪಸ್ ಹಾಕಿ "ಎರಡು ಕೊಡು" ಅಂದೆ. ಐದು ಬಂತು. "ಒಂದು ಕೊಡು" ಅಂದೆ. ಈ ಸಲ ಕೈ ಬುಟ್ಟಿಗೆ ಹೋಗಿ ಒಂದೇ ಒಂದು ಗಡ್ಡೆ ಎತ್ತಿಕೊಂಡು ನಿಂತಿತು.

ನನ್ನ ಪುಸ್ತಕದಲ್ಲಿ ಬರೆದುಕೊಂಡೆ: ಬಾಯಲ್ಲಿ ಇಪ್ಪತ್ತು, ಕೈಯಲ್ಲಿ ಒಂದು.

ಮೊದಮೊದಲು ಇದನ್ನು ನೋಡಿದಾಗ ಮಗುವಿಗೆ ಗಮನ ಇಲ್ಲ ಅಂದುಕೊಳ್ಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಇದು ನಮ್ಮ ಊರಿನ ಕಥೆಯೊಂದೇ ಅಲ್ಲ. ಕ್ಯಾರೆನ್ ವಿನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 1990ರಲ್ಲೂ 1992ರಲ್ಲೂ ಪ್ರಕಟಿಸಿದ ಅಧ್ಯಯನಗಳಲ್ಲಿ ಎರಡು-ಮೂರು ವರ್ಷದ ಮಕ್ಕಳಿಗೆ ಹೆಚ್ಚುಕಮ್ಮಿ ಇದೇ ಆಟ ಆಡಿಸಿದ್ದರು. ಇಷ್ಟು ಕೊಡು, ಅಷ್ಟು ಕೊಡು ಅಂತ ಕೇಳುವುದು. ಆಗ ಕಂಡದ್ದು ಇದು: ಮಕ್ಕಳು ಸಂಖ್ಯೆಗಳನ್ನು ಒಟ್ಟಿಗೆ ಕಲಿಯುವುದಿಲ್ಲ. ಮೊದಲು 'ಒಂದು' ಮಾತ್ರ ತಿಳಿಯುತ್ತದೆ. ಆಗ ಎರಡು, ಐದು, ಹತ್ತು ಎಲ್ಲವೂ ಅವರಿಗೆ 'ಜಾಸ್ತಿ' ಅಷ್ಟೇ. ಕೆಲವು ತಿಂಗಳು ಕಳೆದ ಮೇಲೆ 'ಎರಡು' ಬೇರೆಯಾಗಿ ನಿಲ್ಲುತ್ತದೆ. ಇನ್ನೂ ಕೆಲವು ತಿಂಗಳಿಗೆ 'ಮೂರು'. ಮೂರೋ ನಾಲ್ಕೋ ಗಟ್ಟಿಯಾದ ಮೇಲೆ, ಎಣಿಸುವಾಗ ಕೊನೆಗೆ ಹೇಳಿದ ಮಾತೇ ಒಟ್ಟು ಎಷ್ಟು ಅನ್ನುವುದರ ಉತ್ತರ ಅಂತ ಹೊಳೆಯುತ್ತದೆ. ಅಲ್ಲಿಂದಾಚೆಗೆ ಐದು, ಆರು, ಏಳನ್ನು ಒಂದೊಂದಾಗಿ ಕಲಿಯಬೇಕಾಗಿಲ್ಲ, ಎಣಿಸಿ ಕೊಡುತ್ತಾರೆ.

ಅಂದರೆ ಮೂರು ವರ್ಷದ ಮಗುವಿನ ಜೊತೆ ನಮ್ಮ ಒಂದು ವರ್ಷದ ಕೆಲಸ ಒಂದರಿಂದ ಮೂರರ ತನಕ. ಇದನ್ನು ತಂದೆತಾಯಿಗೆ ಹೇಳಿದರೆ ನಗುತ್ತಾರೆ. ಪಕ್ಕದ ಕಾನ್ವೆಂಟಲ್ಲಿ ನೂರರ ತನಕ ಬರೆಸುತ್ತಾರಂತೆ, ಅಲ್ವಾ. ನಾನೂ ಜಾಸ್ತಿ ವಾದ ಮಾಡಲು ಹೋಗುವುದಿಲ್ಲ. ಬುಟ್ಟಿ ತೋರಿಸುತ್ತೇನೆ.

ಗಡ್ಡೆಯೇ ಯಾಕೆ ಅಂದರೆ, ನಮ್ಮ ಕಡೆ ಅದಕ್ಕೆ ಬರ ಇಲ್ಲ. ಮಗುವಿನ ಮುಷ್ಟಿಯಷ್ಟು ದಪ್ಪದ್ದನ್ನು ಆರಿಸಿಕೊಂಡರೆ ಒಂದು ಕೈಗೆ ಒಂದೇ ಹಿಡಿಯುತ್ತದೆ. ಈ ಆಟಕ್ಕೆ ಅದು ಒಳ್ಳೆಯದು, ಒಂದೊಂದೇ ಎತ್ತುವ ಅಭ್ಯಾಸ ತಾನಾಗಿ ಬರುತ್ತದೆ. ಉರುಳಿ ಓಡಿಹೋಗುವುದೂ ಕಡಿಮೆ. ಆದರೆ ಬಿತ್ತನೆ ಗಡ್ಡೆ ಮಾತ್ರ ಬೇಡ, ಅದನ್ನು ಔಷಧಿಯಲ್ಲಿ ಅದ್ದಿರುತ್ತಾರೆ. ಹಸಿರು ತಿರುಗಿದ್ದು, ಮೊಳಕೆ ಬಂದದ್ದೂ ಬೇಡ. ಮಕ್ಕಳು ಯಾವುದನ್ನು ಯಾವಾಗ ಕಚ್ಚುತ್ತಾರೋ ಹೇಳಲಾಗದು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಹಿಂದೊಂದು ವರ್ಷ ಅವರೆ ಕಾಲದಲ್ಲಿ ಎಣಿಸಲು ಅವರೆಕಾಳು ಕೊಟ್ಟಿದ್ದೆ. ಒಬ್ಬಳು ಒಂದು ಕಾಳನ್ನು ಮೂಗಿಗೆ ಏರಿಸಿಕೊಂಡಳು. ಮೂಗಿನ ತೇವಕ್ಕೆ ಕಾಳು ಊದಿಕೊಂಡು ಇನ್ನೂ ಬಿಗಿಯಾಯಿತು. ಡಾಕ್ಟರು ತೆಗೆದು ಕೈಗೆ ಕೊಡುವ ತನಕ ನನಗೆ ಉಸಿರೇ ಇರಲಿಲ್ಲ. ಅವತ್ತಿನಿಂದ ಹುಣಸೆ ಬೀಜ, ಕಾಫಿ ಬೀಜ, ಗುಂಡಿ, ಮಣಿ ಯಾವುದನ್ನೂ ಸಣ್ಣವರ ಕೈಗೆ ಕೊಟ್ಟಿಲ್ಲ. ಸುಮಾರು ಒಂದೂಕಾಲು ಇಂಚು ಅಗಲದ ಕೊಳವೆಯೊಳಗೆ ಇಳಿಯುವ ಸಾಮಾನು ಮೂರು ವರ್ಷದೊಳಗಿನವರಿಗೆ ಬೇಡ ಅನ್ನುವುದು ಆಟಿಕೆ ತಯಾರಿಸುವವರ ಲೆಕ್ಕ. ನಮ್ಮ ಮಕ್ಕಳಿಗೆ ನನ್ನದೂ ಈಗ ಅದೇ.

ಇನ್ನು ಆನೆ. ಒಂದು ದೊಡ್ಡ ರಟ್ಟಿನ ಡಬ್ಬಕ್ಕೆ ಬೂದಿ ಬಣ್ಣ ಬಳಿದು, ಮುಂದೆ ಬಾಯಿ ಕತ್ತರಿಸಿ, ಹಳೇ ಸ್ವೆಟರಿನ ತೋಳನ್ನು ಸೊಂಡಿಲು ಮಾಡಿ ಹೊಲಿದಿದ್ದೇನೆ. ನಮ್ಮ ಮಕ್ಕಳಿಗೆ ಆನೆ ಚಿತ್ರದ ಪ್ರಾಣಿ ಅಲ್ಲ. ತೋಟಕ್ಕೆ ಬಂದು ಬಾಳೆ ಮುರಿದು ಹೋಗುವ, ಅಪ್ಪ ಫೋನ್ ನೋಡಿ "ಇವತ್ತು ಆ ಕಡೆ ಹೋಗ್ಬೇಡಿ" ಅನ್ನುವ ಆನೆ. ಹಾಗಾಗಿ ಡಬ್ಬದ ಆನೆಗೆ ಊಟ ಕೊಡುವುದೆಂದರೆ ಹೆದರಿಕೆಯೂ ಖುಷಿಯೂ ಎರಡೂ.

ಆಟ ಹೀಗೆ. ಒಂದು ಸಲಕ್ಕೆ ಒಬ್ಬರೇ ನನ್ನ ಜೊತೆ, ಬೇರೆಯವರು ಸಹಾಯಕಿ ಜೊತೆ. ಗುಂಪಿನಲ್ಲಿ ಆಡಿಸಿದರೆ ಗೊತ್ತಿರುವ ಒಬ್ಬ ಕೂಗುತ್ತಾನೆ, ಉಳಿದವರು ಅವನನ್ನೇ ನೋಡುತ್ತಾರೆ. "ಆನೆಗೆ ಒಂದು ಗಡ್ಡೆ ಬೇಕಂತೆ, ತಟ್ಟೆಗೆ ಇಡು" ಅನ್ನುತ್ತೇನೆ. ಸರಿಯಾಗಿ ಇಟ್ಟರೆ ಮುಂದಿನದು ಎರಡು. ಅದೂ ಸರಿಯಾದರೆ ಮೂರು. ತಪ್ಪಿದರೆ ಒಂದು ಮೆಟ್ಟಿಲು ಇಳಿದು ಕೇಳುತ್ತೇನೆ. ಒಂದು ಸಂಖ್ಯೆಯನ್ನು ಮೂರು ಸಲ ಕೇಳಿ, ಎರಡು ಸಲವಾದರೂ ಸರಿ ಬಂದರೆ ಆ ಸಂಖ್ಯೆ ಗೊತ್ತು ಅಂತ ಗುರುತು. ಇನ್ನೂ ಒಂದು ನೋಡಬೇಕು. ಬೇರೆ ಸಂಖ್ಯೆ ಕೇಳಿದಾಗಲೂ ಅಷ್ಟನ್ನೇ ಕೊಡುತ್ತದಾ ಅಂತ. ಹೋದ ವರ್ಷ ಒಬ್ಬಳು ಏನು ಕೇಳಿದರೂ ಎರಡೇ ಇಡುತ್ತಿದ್ದಳು, ಎರಡು ಕೈ ಇದೆಯಲ್ಲ, ಕೈಗೊಂದು. ಎರಡು ಕೇಳಿದಾಗ ಅವಳ ಉತ್ತರ ಸರಿ, ಆದರೆ ಎರಡು ಅವಳಿಗೆ ಗೊತ್ತಿರಲಿಲ್ಲ. ನಾನು ಮೂರು ವಾರ ಮೋಸ ಹೋಗಿದ್ದೆ.

ಈ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿದರೆ ಸಾಕು, ಐದು ನಿಮಿಷದ ಕೆಲಸ. ದಿನಾ ಕೇಳಿದರೆ ಮಗು ನಮ್ಮ ಮುಖ ಓದಲು ಕಲಿಯುತ್ತದೆ. ಮೂರನೇ ಗಡ್ಡೆ ಇಡುವಾಗ ನನ್ನ ಹುಬ್ಬು ಮೇಲೆ ಹೋದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಅದಕ್ಕೇ ನಾನು ಆ ಹೊತ್ತಿನಲ್ಲಿ ಆನೆಯ ಸೊಂಡಿಲು ಸರಿಮಾಡುತ್ತಾ ಬೇರೆ ಕಡೆ ನೋಡುತ್ತಿರುತ್ತೇನೆ.

ಪುಟ್ಟನಿಗೆ ಒಂದು ಗೊತ್ತು, ಎರಡು ಗೊತ್ತಿಲ್ಲ. ಹಾಗಾದರೆ ಅವನ ಪಾಠ 'ಎರಡು'. ಮೂರಲ್ಲ, ಹತ್ತಂತೂ ಅಲ್ಲವೇ ಅಲ್ಲ.

ಇಲ್ಲಿ ನಾವು ಟೀಚರುಗಳು ಸಾಮಾನ್ಯವಾಗಿ ಮಾಡುವ ತಪ್ಪು ಎಣಿಸಲು ಶುರುಮಾಡುವುದು. ಎರಡು ಗಡ್ಡೆ ಇಟ್ಟು, ಬೆರಳು ತೋರಿಸಿ "ಒಂದು, ಎರಡು" ಅನ್ನುತ್ತೇವೆ. ಮಗುವಿನ ಕಡೆಯಿಂದ ನೋಡಿ. ಬೆರಳು ಒಂದು ಗಡ್ಡೆ ಮುಟ್ಟಿತು, ಅದಕ್ಕೆ 'ಒಂದು' ಅಂದರು. ಪಕ್ಕದ್ದನ್ನು ಮುಟ್ಟಿ 'ಎರಡು' ಅಂದರು. ಇದು ಕಾಗೆ, ಇದು ಗುಬ್ಬಿ ಅಂದ ಹಾಗೇ ಇದೆಯಲ್ಲ! ಎರಡು ಅನ್ನುವುದು ಆ ಬಲಗಡೆ ಗಡ್ಡೆಯ ಹೆಸರು ಅಂತ ಮಗು ತಿಳಿದರೆ ತಪ್ಪೇನಿದೆ. ಪುಟ್ಟ ನಿಜವಾಗಿ ಹಾಗೇ ಮಾಡಿದ. ಮೂರು ಗಡ್ಡೆಯನ್ನು ಚೆನ್ನಾಗಿ ಎಣಿಸಿದ. "ಮೂರು ಕೊಡು" ಅಂದರೆ ಕೊನೆಯದೊಂದನ್ನೇ ಎತ್ತಿ ಕೊಟ್ಟ. "ಎಷ್ಟಿದೆ?" ಅಂತ ಕೇಳಿದರೆ ಮತ್ತೆ ಮೊದಲಿಂದ "ಒಂದು, ಎರಡು, ಮೂರು". ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಎಣಿಸಿದ. 'ಎಷ್ಟು' ಅನ್ನುವುದು ಅವನಿಗೆ ಹಾಡು ಶುರುಮಾಡು ಅನ್ನುವ ಸನ್ನೆ.

ಹಾಗಾಗಿ ನಮ್ಮಲ್ಲಿ ಹೆಸರು ಮೊದಲು, ಎಣಿಕೆ ಆಮೇಲೆ. ಎರಡು ಗಡ್ಡೆ ಇಟ್ಟು, ಅಂಗೈಯಿಂದ ಎರಡನ್ನೂ ಸುತ್ತಿ ಒಂದು ಗೆರೆ ಎಳೆದ ಹಾಗೆ ಮಾಡಿ, "ಎರಡು ಗಡ್ಡೆ" ಅನ್ನುತ್ತೇನೆ. ಬೆರಳು ತೋರಿಸುವುದಿಲ್ಲ. ಎರಡು ಚಪ್ಪಲಿ, ಎರಡು ಕಿವಿ, ಎಮ್ಮೆಗೆ ಎರಡು ಕೊಂಬು, ಲಂಗದ ಮೇಲೆ ಎರಡು ಹೂವು. ಸಾಮಾನು ಬದಲಾಗಬೇಕು, ಮಾತು ಬದಲಾಗಬಾರದು. ಗಡ್ಡೆಯಲ್ಲೇ ಕೂತರೆ ಎರಡು ಅಂದರೆ ಗಡ್ಡೆ ಅಂತಲೂ ಆಗಬಹುದು.

ಇದರ ಜೊತೆಗೇ 'ಎರಡಲ್ಲ' ಕೂಡ ಬೇಕು. ಇದು ನನಗೆ ತಡವಾಗಿ ಹೊಳೆದದ್ದು. ಬರೀ ಎರಡನ್ನೇ ತೋರಿಸಿದರೆ ಎಲ್ಲಿಗೆ ಮುಗಿಯುತ್ತದೆ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ಎರಡು ತಟ್ಟೆ ಪಕ್ಕಪಕ್ಕ ಇಡುತ್ತೇನೆ. ಒಂದರಲ್ಲಿ ಎರಡು ಗಡ್ಡೆ, ಇನ್ನೊಂದರಲ್ಲಿ ನಾಲ್ಕು. "ಆನೆಗೆ ಎರಡು ಬೇಕಂತೆ, ಯಾವ ತಟ್ಟೆ?" ತಪ್ಪು ತಟ್ಟೆ ತಂದರೆ ಆನೆ ಸೊಂಡಿಲು ಆಡಿಸಿ "ಊಹೂಂ, ಇದು ಎರಡಲ್ಲ" ಅನ್ನುತ್ತದೆ. ತಪ್ಪು ಅಂತ ನಾನು ಹೇಳುವುದಿಲ್ಲ, ಆನೆ ಹೇಳುತ್ತದೆ. ಮಕ್ಕಳಿಗೆ ಅದು ಅವಮಾನ ಅನ್ನಿಸುವುದಿಲ್ಲ. ಕೆಲವರು ಆನೆಯನ್ನು ರೇಗಿಸಲೆಂದೇ ತಪ್ಪು ತಟ್ಟೆ ತರುತ್ತಾರೆ. ಬೇಕಂತಲೇ ತಪ್ಪು ತರಬೇಕಾದರೆ ಸರಿ ಯಾವುದು ಅಂತ ಗೊತ್ತಿರಬೇಕು, ಆ ದಿನ ನಾನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ತಟ್ಟೆಗಳಲ್ಲಿ ಮೊದಲು ದೂರದ ಸಂಖ್ಯೆಗಳು ಇರಲಿ, ಎರಡು ಮತ್ತು ನಾಲ್ಕು. ಅದು ಸಲೀಸಾದ ಮೇಲೆ ಎರಡು ಮತ್ತು ಮೂರು. ಒಂದು ಸಲ ಎರಡು ದೊಡ್ಡ ಗಡ್ಡೆ, ಪಕ್ಕದಲ್ಲಿ ಮೂರು ಪುಟಾಣಿ ಗಡ್ಡೆ ಇಡಿ. ಆಗ ರಾಶಿ ನೋಡಿ ಆರಿಸುವವರು ಯಾರು, ಸಂಖ್ಯೆ ನೋಡುವವರು ಯಾರು ಅಂತ ತಿಳಿಯುತ್ತದೆ.

ಮೂರನೆಯದು ಟವೆಲ್ ಆಟ. ತಟ್ಟೆಯಲ್ಲಿ ಎರಡೋ ಮೂರೋ ಗಡ್ಡೆ ಇಟ್ಟು ಮೇಲೆ ಟವೆಲ್ ಮುಚ್ಚಿರುತ್ತೇನೆ. ಎತ್ತಿ, ಎರಡು ಸೆಕೆಂಡು ತೋರಿಸಿ, ಮತ್ತೆ ಮುಚ್ಚುವುದು. ಎಣಿಸಲು ಪುರುಸೊತ್ತೇ ಇಲ್ಲ, ಕಣ್ಣು ಒಂದೇ ಏಟಿಗೆ ಹಿಡಿಯಬೇಕು. ಮೂರರ ತನಕ ನಮ್ಮ ಕಣ್ಣಿಗೆ ಎಣಿಸದೇ ಕಾಣುವ ಶಕ್ತಿ ಇದೆ, ಅದನ್ನು ಮಾತಿಗೆ ಕಟ್ಟಿಹಾಕುವುದಷ್ಟೇ ಇಲ್ಲಿ ಕೆಲಸ. ಮಾತಲ್ಲಿ ಹೇಳಲು ಬರದಿದ್ದರೆ ಮಗು ತನ್ನ ತಟ್ಟೆಯಲ್ಲಿ ಅಷ್ಟೇ ಗಡ್ಡೆ ಇಟ್ಟು ತೋರಿಸಬಹುದು. ಮಾತು ತಡವಾದ ಮಕ್ಕಳ ವಿಷಯದಲ್ಲಿ ಇದರಿಂದ ನನಗೆ ತುಂಬ ಉಪಯೋಗವಾಗಿದೆ. ಒಬ್ಬಳು ಮೂರು ತಿಂಗಳು ಬಾಯಿ ಬಿಡಲಿಲ್ಲ. ಟವೆಲ್ ತೆಗೆದು ನೋಡಿದರೆ ಅವಳ ತಟ್ಟೆ ಪ್ರತಿ ಸಲ ಸರಿ ಇರುತ್ತಿತ್ತು.

ಗಡ್ಡೆ ಇಡುವ ರೀತಿ ಮಾತ್ರ ಪ್ರತಿ ಸಲ ಬೇರೆ ಇರಬೇಕು. ಒಂದು ವರ್ಷ ನಾನು ಚಂದದ ರಟ್ಟಿನ ಕಾರ್ಡ್ ಮಾಡಿದ್ದೆ. ಮೂರು ಅಂದರೆ ಮೂರು ಮಾವಿನಹಣ್ಣು, ಒಲೆಯ ಗುಂಡಿನ ಹಾಗೆ ಮೇಲೊಂದು ಕೆಳಗೆರಡು. ಮಕ್ಕಳೆಲ್ಲ ಕಾರ್ಡ್ ನೋಡಿದ ತಕ್ಷಣ "ಮೂರು" ಅನ್ನುತ್ತಿದ್ದರು, ನನಗೋ ಹಿಗ್ಗು. ಆಮೇಲೆ ಮೂರು ಲೋಟವನ್ನು ಸಾಲಾಗಿ ಇಟ್ಟು ಕೇಳಿದರೆ ಒಬ್ಬರಿಗೂ ಬರಲಿಲ್ಲ. ಮಾವಿನಹಣ್ಣಿನ ಕಾರ್ಡಿನ ಹೆಸರು 'ಮೂರು' ಅಂತ ಕಲಿತಿದ್ದರು ಅಷ್ಟೇ. ಕಾರ್ಡ್‌ಗಳು ಈಗ ಅಕ್ಕಿ ಡಬ್ಬದ ಕೆಳಗೆ ತೇವ ಹೀರುತ್ತಾ ಬಿದ್ದಿವೆ.

ಕನ್ನಡದ ಎರಡು ಕೊಕ್ಕೆಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು, 'ಎರಡು' ಅನ್ನುವ ಮಾತು ಉದ್ದ. ಬೆರಳಿಟ್ಟು ಎಣಿಸುವಾಗ ಕೆಲವರು ಎ-ರ-ಡು ಅಂತ ಮೂರು ಗಡ್ಡೆಗೆ ಹಂಚಿಬಿಡುತ್ತಾರೆ. ಇದು ತುಂಟತನ ಅಲ್ಲ, ಅವರ ಬೆರಳು ಅಕ್ಷರದ ತಾಳಕ್ಕೆ ಕುಣಿಯುತ್ತಿದೆ. ಮುಟ್ಟಿ ತೋರಿಸುವ ಬದಲು ಗಡ್ಡೆಯನ್ನು ಎತ್ತಿ ಇನ್ನೊಂದು ತಟ್ಟೆಗೆ ಹಾಕಿಸಿದರೆ ಇದು ತಾನಾಗಿ ಕಡಿಮೆಯಾಗುತ್ತದೆ, ಎತ್ತಿ ಹಾಕುವುದಕ್ಕೆ ಹೊತ್ತು ಬೇಕಲ್ಲ. ಇನ್ನೊಂದು, ನಾವು ಜನರನ್ನು ಬೇರೆ ಮಾತಲ್ಲಿ ಎಣಿಸುತ್ತೇವೆ. ಗಡ್ಡೆ ಎರಡು, ಮಕ್ಕಳು ಇಬ್ಬರು. ಗಡ್ಡೆ ಒಂದು, ಹುಡುಗ ಒಬ್ಬ. ಪುಟ್ಟನಿಗೆ ಎರಡು ಗಡ್ಡೆ ಬಂದ ಮೇಲೂ "ಇಬ್ಬರು ಬನ್ನಿ" ಅಂದರೆ ಎಲ್ಲರೂ ಎದ್ದು ಬರುವ ಗುಂಪಿನಲ್ಲಿ ಅವನೂ ಇರುತ್ತಿದ್ದ. ನಮಗೆ ಇವೆರಡೂ ಒಂದೇ ಅನ್ನುವುದು ಎಷ್ಟು ಸಹಜ ಅಂದರೆ, ಮಗುವಿಗೆ ಅದು ಹೊಸ ಮಾತು ಅಂತ ಹೊಳೆಯುವುದೇ ಇಲ್ಲ. ಈಗ ನಾನು "ಇಬ್ಬರು ಮಕ್ಕಳು, ಎರಡು ಲೋಟ" ಅಂತ ಒಟ್ಟಿಗೆ ಹೇಳಿ, ಇಬ್ಬರ ಕೈಗೂ ಒಂದೊಂದು ಲೋಟ ಕೊಡಿಸುತ್ತೇನೆ. ಮೂರಕ್ಕೆ ಬಂದರೆ ಪರವಾಗಿಲ್ಲ, ನಮ್ಮ ಕಡೆ ಮಾತಿನಲ್ಲಿ 'ಮೂರು ಜನ' ಅಂತಲೇ ಅನ್ನುವುದು.

ಮೂರನ್ನು ಹೇಳಿಕೊಡುವ ಹೊತ್ತಿಗೆ ಹೆಸರು ಮತ್ತು ಎಣಿಕೆ ಎರಡನ್ನೂ ಸೇರಿಸುತ್ತೇನೆ. "ನೋಡು, ಮೂರು ಗಡ್ಡೆ. ಒಂದು, ಎರಡು, ಮೂರು. ಮೂರು ಗಡ್ಡೆ." ಎಣಿಸಿದ ಮೇಲೆ ಅಂಗೈ ಸುತ್ತಿಸಿ ಮತ್ತೆ ಒಟ್ಟು ಹೇಳುವುದು, ಅದೂ ತಕ್ಷಣ. ನಡುವೆ "ಶಭಾಷ್" ಅಂತಲೋ "ಈಗ ನೀನು ಹೇಳು" ಅಂತಲೋ ಸೇರಿಸಿದರೆ ದಾರ ಕಡಿಯುತ್ತದೆ. ಕೊನೆಯ ಮಾತೂ ಒಟ್ಟಿನ ಮಾತೂ ಒಂದರ ಹಿಂದೆ ಒಂದು ಕಿವಿಗೆ ಬೀಳಬೇಕು. ಪುಸ್ತಕದ ಚಿತ್ರ ನೋಡುವಾಗ, ದೋಸೆ ಹಂಚುವಾಗ, ಎಲ್ಲೆಂದರಲ್ಲಿ ಹೀಗೆ ಹೇಳಬಹುದು. ಒಂದು ಸಲಕ್ಕೆ ಐದು ಸೆಕೆಂಡೂ ಬೇಡ.

ಪುಟ್ಟನ ಲೆಕ್ಕಕ್ಕೆ ಬರುತ್ತೇನೆ. ಜೂನ್‌ನಲ್ಲಿ ಒಂದು. ಜುಲೈ ಪೂರ್ತಿ ಹಾಗೇ. ಮಳೆಗೆ ಅರ್ಧಕ್ಕರ್ಧ ದಿನ ಬರಲೇ ಇಲ್ಲ, ಬಂದ ದಿನ ಮೂಗು ಸುರಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಆಗಸ್ಟ್ ಕೊನೆಗೆ ಹೊಲದಲ್ಲಿ ಗಡ್ಡೆ ಕೀಳುವ ಕಾಲ. ಅವರ ಮನೆಯಿಂದಲೇ ಹೊಸ ಗಡ್ಡೆ ಒಂದು ಚೀಲ ಬಂತು. ಅದೇ ವಾರ ತಟ್ಟೆಗೆ ಎರಡು ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡ. ಮೂರು ಕೇಳಿದರೆ ಬಾಚಿದ. ಸೆಪ್ಟೆಂಬರಿನಲ್ಲಿ ಎರಡೂ ಇಲ್ಲ! ಏನು ಕೇಳಿದರೂ ಬುಟ್ಟಿ ಖಾಲಿ ಮಾಡುತ್ತಿದ್ದ. ನಾನು ಗಾಬರಿಯಾದೆ. ಆಮೇಲೆ ಗೊತ್ತಾಯಿತು, ಆನೆ ಬಾಯೊಳಗೆ ಗಡ್ಡೆ ಬೀಳುವ ಸದ್ದು ಅವನಿಗೆ ಇಷ್ಟವಾಗಿಬಿಟ್ಟಿತ್ತು. ಡಬ್ಬದ ತಳಕ್ಕೆ ಹಳೇ ಬಟ್ಟೆ ಹಾಸಿದೆ. ಎರಡು ವಾಪಸ್ ಬಂತು.

ಹಾಸನಾಂಬೆ ಬಾಗಿಲು ತೆಗೆದಾಗ ಅಪ್ಪ ಅಮ್ಮನ ಜೊತೆ ಹಾಸನಕ್ಕೆ ಹೋಗಿ ಬಂದು, "ಟೀಚರ್, ಎರಡು ಬಲೂನು" ಅಂತ ಎರಡು ಬೆರಳು ತೋರಿಸಿದ. ನಾನು ಕೇಳಿರಲಿಲ್ಲ, ತಾನಾಗಿ ಹೇಳಿದ್ದು. ಮೂರು ಬಂದದ್ದು ಜನವರಿಯಲ್ಲಿ, ಅದೂ ಒಂದು ದಿನ ಬಂದು ಎರಡು ದಿನ ಹೋಗಿ. ಅವನ ಜೊತೆಗೇ ಸೇರಿದ ಒಬ್ಬಳು ಅಷ್ಟು ಹೊತ್ತಿಗೆ ಐದು, ಆರು ಎಣಿಸಿ ಕೊಡುತ್ತಿದ್ದಳು. ಇನ್ನೊಬ್ಬ ಇನ್ನೂ ಎರಡರಲ್ಲಿದ್ದ. ಮೂವರ ಹುಟ್ಟಿದ ದಿನದ ನಡುವೆ ಇರುವುದು ಐದೇ ವಾರ.

ಫೆಬ್ರವರಿಯಲ್ಲಿ ಆಟವನ್ನು ಸ್ವಲ್ಪ ಬಿಗಿ ಮಾಡಿದೆ. ಸಾಮಾನು ಕಣ್ಣಮುಂದೆ ಇರುವುದಿಲ್ಲ. ಈ ಕೋಣೆಯಲ್ಲಿ ಕೇಳಿ, ಅಡುಗೆ ಕೋಣೆಯಿಂದ ಒಂದೇ ಸಲಕ್ಕೆ ತರಬೇಕು. ಅಂದರೆ ದಾರಿಯುದ್ದಕ್ಕೂ ಸಂಖ್ಯೆ ತಲೆಯಲ್ಲಿ ಇರಬೇಕು. ದೂರ ಎಂಟು ಹೆಜ್ಜೆ ಅಷ್ಟೇ, ಆದರೆ ಅಷ್ಟರಲ್ಲೇ ಮರೆತು ಬರುವವರು ಬೇಕಾದಷ್ಟು ಜನ. ಬುಟ್ಟಿ ಮುಂದೆ ಸರಿಯಾಗಿ ಮೂರು ಕೊಡುವ ಮಗು ಕೂಡ ಇಲ್ಲಿ ತಪ್ಪಬಹುದು, ಅದರಿಂದ ಮೂರು ಗೊತ್ತಿಲ್ಲ ಅಂತ ಬರೆದುಬಿಡಬೇಡಿ.

ಒಂದು ಬೆಳಿಗ್ಗೆ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಚಾಪೆ ಮೇಲೆ ಮೂರು ಜನ ಮಕ್ಕಳು ಹಾಲಿಗೆ ಕಾಯುತ್ತಿದ್ದರು. "ಪುಟ್ಟ, ಮೂರು ಲೋಟ ತಗೊಂಡು ಬಾ" ಅಂದೆ. ಓಡಿದ. ಒಳಗೆ ಸಹಾಯಕಿ ಲೋಟಗಳನ್ನೆಲ್ಲ ತೊಳೆಯಲು ಹೊರಗೆ ಒಯ್ದಿದ್ದರು, ಶೆಲ್ಫ್ ಮೇಲೆ ಉಳಿದದ್ದು ಎರಡೇ ಅಂತ ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಎರಡು ಕೈಯಲ್ಲಿ ಎರಡು ಲೋಟ ಹಿಡಿದುಕೊಂಡು, ಮುಖ ಊದಿಸಿಕೊಂಡು ಬಂದ.

"ಇನ್ನೊಂದು ಇಲ್ಲ" ಅಂದ.

ಅಜ್ಜಿ ನನ್ನ ಕಡೆ ನೋಡಿ, "ಇಪ್ಪತ್ತರ ಮೇಲೆ ಇನ್ನೂ ಹೇಳ್ಕೊಟ್ಟಿಲ್ವಾ ಟೀಚರೇ?" ಅಂದರು.